ಅವ್ವನ ತಲೆಯ ಮೇಲಿನ ಕಂಬ

(ಕಲಬುರಗಿಯಲ್ಲಿ ಮದುವೆ ಮತ್ತು ಸ್ಟುಡಿಯೋ ಫೋಟೋ ಕೆಲಸ ಮಾಡುವ ಗೆಳೆಯರು ಒಂದು ಭಾನುವಾರ ಕೂಡಿದ್ದಾಗ ಆಡಿದ ಮಾತು. ಆಡಿದ್ದನ್ನೇ ಬರೆದುಕೊಂಡು ತುಸು ಒಪ್ಪ ಮಾಡಿದ್ದೇನೆ.)

ಎಲ್ಲರಿಗೂ ಶರಣಾರ್ಥಿ.

ಹೋದ ಚಳಿಗಾಲದಲ್ಲಿ ಚಿತ್ತಾಪುರ ಕಡೆಯ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. "ಅಣ್ಣಾ, ಅವ್ವನ ಚಲೋ ಫೋಟೋ ಅಂತ ಇದೊಂದೇ ಅದ. ಕಟ್ಟು ಹಾಕಿಸಬೇಕು. ಆದ್ರ ತಲಿ ಮ್ಯಾಲ ಕಂಬ ನಿಂತದ ನೋಡ್ರಿ" ಅಂದ. ನೋಡಿದೆ. ತೊಗರಿ ಹೊಲದ ಬದುವಿನ ಮೇಲೆ ಅವ್ವ ನಿಂತಿದ್ದಾಳೆ. ಹಿಂದೆ ಎಲ್ಲೋ ದೂರದಲ್ಲಿರುವ ಸಿಮೆಂಟಿನ ಲೈಟ್ ಕಂಬ ಸರಿಯಾಗಿ ಬೈತಲೆಯ ನೆತ್ತಿಯಿಂದ ಮೇಲಕ್ಕೆ ಎದ್ದಿದೆ. ಮೂರು ತಂತಿ ಎಡದಿಂದ ಬಲಕ್ಕೆ ಹಾದಿವೆ, ಒಂದಂತೂ ಕಿವಿಯೊಳಗೆ ಹೊಕ್ಕಂತಿದೆ. ಗಾಳಿಗೆ ಸೆರಗು ಹೆಗಲಿಗೆ ಜಾರಿ, ನಾಲ್ಕೆಂಟು ಕೂದಲು ಎದ್ದು ಹಾರಾಡುತ್ತಿವೆ. ಸೆರಗು ತಲೆಯ ಮೇಲೇ ಇದ್ದಿದ್ದರೆ ನನಗೆ ಅರ್ಧ ಕೆಲಸ ಉಳಿಯುತ್ತಿತ್ತು. ಬಟ್ಟೆಯ ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಕೂದಲಿನ ಅಂಚು ಹಾಗಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಆ ಅಂಚಿನ ಮಾತನ್ನೇ. ಆಕಾಶದಲ್ಲಿರುವ ಕಂಬವನ್ನು ಅಳಿಸುವುದು ನಿಮಗೆಲ್ಲ ಗೊತ್ತು, ಈಗ ಮೊಬೈಲಿನಲ್ಲಿ ಮಕ್ಕಳೂ ಬೆರಳಲ್ಲಿ ಒರೆಸಿ ತೆಗೆಯುತ್ತಾರೆ. ಕೆಲಸ ಕೆಡುವುದು ಕಂಬ ತಲೆಗೆ ತಾಗುವ ಜಾಗದಲ್ಲಿ, ಒಂದು ಹೆಬ್ಬೆರಳು ಅಗಲದ ಜಾಗದಲ್ಲಿ.

ಮೊದಲು ನನ್ನ ತಪ್ಪನ್ನು ಹೇಳುತ್ತೇನೆ. ಫೋಟೋಶಾಪ್ ಕಲಿತ ಹೊಸತರಲ್ಲಿ ಹಿರಿಯರೊಬ್ಬರ ಇಂಥದ್ದೇ ಫೋಟೋ ಬಂದಿತ್ತು. ಸ್ಪಾಟ್ ಹೀಲಿಂಗ್ ಬ್ರಶ್ ತೆಗೆದುಕೊಂಡು ಮೇಲಿನಿಂದ ನೆತ್ತಿಯವರೆಗೆ ಒಂದೇ ಎಳೆತ ಎಳೆದೆ. ಕಂಬ ಮಾಯ! ಖುಷಿಯಾಗಿ ಪ್ರಿಂಟ್ ಹಾಕಿ ಕೊಟ್ಟೆ. ಮರುದಿನ ಅವರ ಅಣ್ಣನ ಮಗ ಪ್ರಿಂಟ್ ಹಿಡಿದುಕೊಂಡು ಬಂದ. "ಕಂಬ ಹೋಯ್ತ್ರಿ ಖರೆ, ಆದ್ರ ಕಾಕಾನ ತಲಿಗಿ ಹೊಗಿ ಹತ್ತೇದಲ್ಲ!" ಅಂದ. ನೋಡಿದರೆ ನಿಜ. ನೆತ್ತಿಯ ಮೇಲೆ ಕಪ್ಪಗೆ ಮಸುಕು ಮಸುಕಾಗಿ ಒಂದು ಕಲೆ ಮೇಲಕ್ಕೆ ಹಬ್ಬಿತ್ತು. ನನ್ನ ಸ್ಕ್ರೀನಿನಲ್ಲಿ ಅದು ನನಗೆ ಕಂಡಿರಲೇ ಇಲ್ಲ.

ಹೀಗೇಕಾಗುತ್ತದೆ? ಹೀಲಿಂಗ್ ಬ್ರಶ್ ಎರಡು ಕೆಲಸ ಮಾಡುತ್ತದೆ. ಬೇರೆ ಕಡೆಯಿಂದ ಮೈಯನ್ನು, ಅಂದರೆ ಆ ಸಣ್ಣ ಸಣ್ಣ ಕಾಳುಕಾಳನ್ನು, ತಂದು ಹಾಕುತ್ತದೆ. ಬಣ್ಣ ಮತ್ತು ಬೆಳಕನ್ನು ಮಾತ್ರ ನೀವು ಎಳೆದ ಗುರುತಿನ ಸುತ್ತಲಿನ ಅಂಚಿನಿಂದ ತೆಗೆದುಕೊಳ್ಳುತ್ತದೆ. ಅಂಚಿನಲ್ಲಿ ಇರುವ ಬಣ್ಣ ಒಳಗೆ ಇಳಿದು ಹರಡುತ್ತದೆ, ಒದ್ದೆ ಬಟ್ಟೆಯ ತುದಿಗೆ ಮಸಿ ತಾಗಿಸಿದರೆ ಹಬ್ಬುವ ಹಾಗೆ. ಸುತ್ತಲೂ ಆಕಾಶವೇ ಇದ್ದರೆ ಒಳಗೆ ಆಕಾಶದ ಬಣ್ಣವೇ ಹಬ್ಬುತ್ತದೆ, ಬಲು ಚೆಂದ. ಒಂದು ತುದಿ ಕಪ್ಪು ಕೂದಲಿಗೆ ತಾಗಿತೋ, ಆ ಕಪ್ಪೂ ಒಳಗೆ ಬರುತ್ತದೆ. ಅದೇ ಹೊಗೆ. ಕ್ಲೋನ್ ಸ್ಟ್ಯಾಂಪ್ ಹಾಗಲ್ಲ. ಅದು ಇಲ್ಲಿಂದ ತೆಗೆದು ಅಲ್ಲಿಗೆ ಅಂಟಿಸುತ್ತದೆ, ಅಷ್ಟೇ. ಸುತ್ತಮುತ್ತ ಏನಿದೆ ಎಂದು ನೋಡುವುದಿಲ್ಲ. ಹಾಗಾಗಿ ಬಯಲಿನಲ್ಲಿ ಹೀಲಿಂಗ್, ಗಡಿಯಲ್ಲಿ ಕ್ಲೋನ್. ಇದು ಗೊತ್ತಾಗಲು ನನಗೆ ಒಂದು ಪ್ರಿಂಟ್ ಮತ್ತು ಒಬ್ಬ ಗಿರಾಕಿ ಹೋದರು.

ಚಿತ್ತಾಪುರದ ಅವ್ವನ ಫೋಟೋಕ್ಕೆ ಬರೋಣ. ಹುಡುಗ ಮೊದಲು ವಾಟ್ಸಾಪಿನಲ್ಲಿ ಕಳಿಸಿದ್ದ. ಹಾಗೆ ಬಂದ ಫೋಟೋ ಸಣ್ಣದಾಗಿರುತ್ತದೆ, ಕೂದಲಿನ ಎಳೆಗಳೆಲ್ಲ ಅರೆದು ಮುದ್ದೆಯಾಗಿರುತ್ತವೆ. ಡಾಕ್ಯುಮೆಂಟ್ ಅಂತ ಕಳಿಸು ತಮ್ಮಾ ಅಂದೆ. ಆಗ 3000 ಅಗಲ, 4000 ಎತ್ತರದ ಪೂರ್ತಿ ಫೋಟೋ ಸಿಕ್ಕಿತು. 12x18 ಇಂಚಿನ ಕಟ್ಟಿಗೆ ಪಕ್ಕದಲ್ಲಿ ಸ್ವಲ್ಪ ಕತ್ತರಿಸಿದರೆ ಇಂಚಿಗೆ 222 ಚುಕ್ಕಿ ಬರುತ್ತವೆ. ಗೋಡೆಯ ಮೇಲಿನ ಫೋಟೋಕ್ಕೆ ಅಷ್ಟು ಸಾಕು.

ಮೂಲ ಫೋಟೋದ ಮೇಲೆ ಒಂದು ಖಾಲಿ ಲೇಯರ್ ಹಾಕಿ, ಬ್ರಶ್‌ನ Sample ಎಂಬಲ್ಲಿ Current & Below ಆರಿಸಿದೆ. ಒರೆಸಿದ್ದೆಲ್ಲ ಆ ಖಾಲಿ ಲೇಯರಿನಲ್ಲಿ ಬೀಳುತ್ತದೆ, ಮೂಲ ಹಾಗೇ ಇರುತ್ತದೆ. ಇದನ್ನು ಬಿಟ್ಟು ಕೆಲಸ ಮಾಡುವವರು ಇಲ್ಲಿ ಯಾರೂ ಇಲ್ಲ ಅಂದುಕೊಳ್ಳುತ್ತೇನೆ. ನಗಬೇಡ್ರಿ, ಇದ್ದೀರಿ ಅಂತ ನನಗೆ ಗೊತ್ತು.

ಮೊದಲು ತಂತಿ. ಕಂಬ ಮೊದಲು ತೆಗೆದರೆ ತಂತಿಯ ತುಂಡುಗಳು ಆಕಾಶದಲ್ಲಿ ಹಾಗೇ ನಿಲ್ಲುತ್ತವೆ, ಅವುಗಳ ತುದಿ ಹುಡುಕುತ್ತಾ ಕೂಡಬೇಕು. ಹೀಲಿಂಗ್ ಬ್ರಶ್ಶನ್ನು ತಂತಿಗಿಂತ ತುಸು ದಪ್ಪ ಇಟ್ಟು, ಒಂದು ಕಡೆ ಒತ್ತಿ, ಮುಂದಿನ ತುದಿಯಲ್ಲಿ ಶಿಫ್ಟ್ ಹಿಡಿದು ಒತ್ತಿದರೆ ನಡುವೆ ಸೀದಾ ಗೆರೆ ಬೀಳುತ್ತದೆ. ಆದರೆ ನಮ್ಮ ಹೊಲದ ತಂತಿಗಳು ಸೀದಾ ಇರುವುದಿಲ್ಲ, ಜೋತುಬಿದ್ದಿರುತ್ತವೆ. ಅದಕ್ಕೆ ಚಿಕ್ಕ ಚಿಕ್ಕ ತುಂಡು ಮಾಡಿ ಹೋಗಬೇಕು. ಕಿವಿಯಿಂದ, ಕೂದಲಿನಿಂದ ಒಂದಿಷ್ಟು ದೂರವಿರುವಾಗಲೇ ನಿಲ್ಲಿಸಬೇಕು. ಇನ್ನೊಂದು ಮಾತು. ತಲೆಯ ಹತ್ತಿರ ಮಾತ್ರ ತಂತಿ ತೆಗೆದು ಉಳಿದದ್ದನ್ನು ಬಿಟ್ಟರೆ, ಆ ತಂತಿ ಯಾವ ಕಂಬಕ್ಕೂ ಸೇರದೆ ಗಾಳಿಯಲ್ಲಿ ತೇಲುತ್ತದೆ. ತೆಗೆದರೆ ಫೋಟೋದ ಎರಡೂ ಅಂಚಿನವರೆಗೆ ತೆಗೆಯಬೇಕು.

ಆಮೇಲೆ ಕಂಬ, ಮೇಲಿನ ತುದಿಯಿಂದ ಶುರು ಮಾಡಿ ನೆತ್ತಿಗೆ ಇನ್ನೂ 60 ಪಿಕ್ಸೆಲ್ ಇರುವಾಗ ನಿಲ್ಲಿಸಿದೆ. ಆಕಾಶವನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬುದು ಇಲ್ಲಿ ಮುಖ್ಯ. ಆಕಾಶ ಒಂದೇ ಬಣ್ಣದ್ದಲ್ಲ. ಮೇಲೆ ಗಾಢ ನೀಲಿ, ಹೊಲದ ಅಂಚಿಗೆ ಬಂದಂತೆ ಬೆಳ್ಳಗೆ. ನಮ್ಮ ಕಡೆ ಧೂಳಿನ ದಿನ ಇದ್ದರೆ ಕೆಳಗೆ ತುಸು ಹಳದಿ. ಹಾಗಾಗಿ ಮೇಲಿನ ಆಕಾಶ ತಂದು ಕೆಳಗೆ ಹಾಕಬಾರದು, ಅದೇ ಎತ್ತರದಲ್ಲಿ ಪಕ್ಕದಿಂದ ತರಬೇಕು. ಸೂರ್ಯ ಇರುವ ಕಡೆಯ ಆಕಾಶ ಇನ್ನೂ ಬೆಳ್ಳಗಿರುತ್ತದೆ, ಆದ್ದರಿಂದ ಕಂಬದ ಎಡ ಅರ್ಧವನ್ನು ಎಡದಿಂದ, ಬಲ ಅರ್ಧವನ್ನು ಬಲದಿಂದ ತುಂಬುತ್ತೇನೆ. ಹೀಲಿಂಗ್ ಇದನ್ನೆಲ್ಲ ತಾನೇ ಸರಿದೂಗಿಸುತ್ತದೆ ಎನ್ನುವುದು ಅರ್ಧ ನಿಜ. ಕಂಬ ದಪ್ಪವಿದ್ದಷ್ಟೂ ನಡುವೆ ಒಂದು ಪಟ್ಟೆ ಉಳಿಯುತ್ತದೆ.

ಈಗ ಉಳಿದ 60 ಪಿಕ್ಸೆಲ್.

ಅಲ್ಲಿ ಒಂದು ಕೂದಲೆಳೆಯನ್ನು ದೊಡ್ಡದು ಮಾಡಿ ನೋಡಿ. ಎಳೆ ಒಂದು ಪಿಕ್ಸೆಲ್‌ಗಿಂತ ತೆಳ್ಳಗಿರುತ್ತದೆ, ಒಂದು ಚೌಕದಲ್ಲಿ ಅರ್ಧ ಕೂದಲು, ಅರ್ಧ ಹಿಂದಿನ ಕಂಬ ಬೆರೆತಿರುತ್ತದೆ. ಕಪ್ಪು 0, ಬಿಳಿ 255 ಅಂತ ಎಣಿಸಿದರೆ, ಆ ಫೋಟೋದ ನೀಲಿ ಚಾನೆಲಿನಲ್ಲಿ ಕೂದಲು ಸುಮಾರು 40, ಸಿಮೆಂಟ್ ಕಂಬ 150, ಆಕಾಶ 225 ಇತ್ತು. ಅರ್ಧ ಕೂದಲು, ಅರ್ಧ ಕಂಬ ಇರುವ ಚೌಕದ ಬೆಲೆ 95 ಆಗುತ್ತದೆ. ಹಿಂದೆ ಕಂಬ ಇಲ್ಲದೆ ಆಕಾಶ ಇದ್ದಿದ್ದರೆ ಅದು 132 ಇರಬೇಕಿತ್ತು. ನಾವು ಮಾಡಬೇಕಾದದ್ದು ಇಷ್ಟೇ, ಆ ಎಳೆಯನ್ನು ಉಳಿಸಿಕೊಂಡು ಅದರ ಹಿಂದಿನ ಬಣ್ಣವನ್ನು ಬದಲಿಸುವುದು. ಬ್ರಶ್ ಹಿಡಿದು ಸುತ್ತ ಒರೆಸುತ್ತ ಹೋದರೆ ಎಳೆಗಳೆಲ್ಲ ಹೋಗಿ, ತಲೆ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ನೀವು ಇಂಥ ತಲೆಗಳನ್ನು ಎಷ್ಟೋ ನೋಡಿರುತ್ತೀರಿ. ಕೆಲವನ್ನು ನಾವೇ ಮಾಡಿದ್ದೇವೆ.

ದಾರಿ ಹೀಗಿದೆ. ಚಾನೆಲ್ಸ್ ಪ್ಯಾನೆಲಿಗೆ ಹೋಗಿ ನೀಲಿ ಚಾನೆಲಿನ ಒಂದು ನಕಲು ಮಾಡಿ. ನೀಲಿಯೇ ಯಾಕೆಂದರೆ, ನಮ್ಮ ಕೂದಲಿನ ಹೊಳಪಿನಲ್ಲಿ ಕಂದು ಛಾಯೆ ಇರುತ್ತದೆ, ಅದು ನೀಲಿಯಲ್ಲಿ ಕಪ್ಪಾಗಿಬಿಡುತ್ತದೆ. ಅಗ್ಗದ ಮೊಬೈಲಿನ ನೀಲಿ ಚಾನೆಲ್ ಕಾಳುಕಾಳಾಗಿದ್ದರೆ ಹಸಿರನ್ನು ತೆಗೆದುಕೊಳ್ಳಿ. ಆ ನಕಲಿನ ಮೇಲೆ ಲೆವೆಲ್ಸ್ ತೆರೆದು, ಎಡದ ಗುಂಡಿ 60ಕ್ಕೆ, ಬಲದ ಗುಂಡಿ 140ಕ್ಕೆ ತನ್ನಿ. 140ಕ್ಕಿಂತ ಮೇಲಿರುವ ಕಂಬವೂ ಆಕಾಶವೂ ಎರಡೂ ಬೆಳ್ಳಗಾಗುತ್ತವೆ. 60ಕ್ಕಿಂತ ಕೆಳಗಿನ ಕೂದಲು ಪೂರ್ತಿ ಕಪ್ಪಾಗುತ್ತದೆ. ನಡುವಿನ ಎಳೆಗಳು ಬೂದು ಬಣ್ಣದಲ್ಲಿ ಉಳಿಯುತ್ತವೆ. ನೋಡ್ರಿ, ಕಂಬ ಕಣ್ಣೆದುರೇ ಕರಗಿ ಆಕಾಶದೊಳಗೆ ಸೇರುತ್ತದೆ, ಕೂದಲು ಮಾತ್ರ ನಿಲ್ಲುತ್ತದೆ. ಆ ಚಾನೆಲಿನ ಚಿತ್ರದ ಮೇಲೆ ಕಂಟ್ರೋಲ್ ಹಿಡಿದು ಒತ್ತಿದರೆ ಅದು ಸೆಲೆಕ್ಷನ್ ಆಗುತ್ತದೆ. ಗಿಂಪ್ ಬಳಸುವವರಿಗೂ ಇದೇ ದಾರಿ. ಅಲ್ಲಿ ಚಾನೆಲಿನ ಮೇಲೆ ಬಲಗುಂಡಿ ಒತ್ತಿದರೆ Channel to Selection ಎಂದು ಸಿಗುತ್ತದೆ.

ಈ ಸೆಲೆಕ್ಷನ್ ಇರುವಾಗಲೇ ಖಾಲಿ ಲೇಯರಿಗೆ ಬಂದು, ಕ್ಲೋನ್ ಸ್ಟ್ಯಾಂಪಿನಿಂದ ಪಕ್ಕದ ಆಕಾಶವನ್ನು ತಂದು ಕಂಬದ ಮೇಲೆ ಹಚ್ಚಬೇಕು. ಕೂದಲಿನ ಮೇಲೆ ಬ್ರಶ್ ಹೋದರೂ ಹೆದರಿಕೆ ಇಲ್ಲ, ಕಪ್ಪು ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಆಕಾಶ ತೆಗೆದುಕೊಳ್ಳುವ ಗುರುತು ಮಾತ್ರ ಕೂದಲಿನ ಮೇಲೆ ಹಾಯದಂತೆ ನೋಡಿಕೊಳ್ಳಿ. ಕಂಬದ ಪಟ್ಟಿಯನ್ನು ಬಿಟ್ಟು ಆಚೀಚೆ ಹಚ್ಚಬೇಡಿ, ಅಲ್ಲಿನ ಎಳೆಗಳ ಹಿಂದೆ ಮೊದಲೇ ಆಕಾಶವಿದೆ. 60, 140 ಎಂಬ ಅಂಕಿಗಳನ್ನು ಬರೆದುಕೊಂಡು ಹೋಗಬೇಡಿ. ಅವು ಆ ಕಂಬದ ಅಂಕಿಗಳು. ಇನ್ಫೋ ಪ್ಯಾನೆಲ್ ತೆರೆದು ನಿಮ್ಮ ಕಂಬದ ಮೇಲೆ, ನಿಮ್ಮ ಕೂದಲಿನ ಮೇಲೆ ಬಾಣ ಇಟ್ಟು ಓದಿಕೊಳ್ಳಿ. ಬಲದ ಗುಂಡಿ ಕಂಬಕ್ಕಿಂತ ತುಸು ಕೆಳಗೆ, ಎಡದ ಗುಂಡಿ ಕೂದಲಿಗಿಂತ ತುಸು ಮೇಲೆ.

ಹಚ್ಚಿದ ಮೇಲೆ ನೋಡಿದರೆ ಎಳೆಗಳು ತುಸು ಸವೆದ ಹಾಗೆ ಕಂಡವು. ಲೆಕ್ಕ ನೋಡಿ. 95 ಇದ್ದ ಚೌಕದ ಮೇಲೆ ಅರ್ಧದಷ್ಟು ಆಕಾಶ ಬಿದ್ದರೆ 160 ಆಗುತ್ತದೆ, ಬೇಕಿದ್ದದ್ದು 132. ಯಾಕೆಂದರೆ ಆ ಚೌಕದಲ್ಲಿ ಉಳಿದ ಅರ್ಧವೂ ಪೂರ್ತಿ ಕೂದಲಲ್ಲ, ಅದರೊಳಗೆ ಇನ್ನೂ ಕಂಬದ ಸಿಮೆಂಟ್ ಬೆರೆತಿದೆ. ಅದಕ್ಕೆ ಸೆಲೆಕ್ಷನ್ನನ್ನು ಕಂಟ್ರೋಲ್, ಶಿಫ್ಟ್, ಐ ಒತ್ತಿ ತಿರುಗಿಸಿ, ಮತ್ತೊಂದು ಖಾಲಿ ಲೇಯರಿನಲ್ಲಿ ಪಕ್ಕದ ಕೂದಲಿನ ಬಣ್ಣ ತೆಗೆದುಕೊಂಡು, ಶೇಕಡ 40ರ ಆಸುಪಾಸಿನ ಒಪಾಸಿಟಿಯಲ್ಲಿ ಅಂಚಿನ ಮೇಲೆ ಒಮ್ಮೆ ಮೆತ್ತಗೆ ಎಳೆದೆ. ಎಳೆಗಳು ಮರಳಿ ಬಂದವು. ಎಷ್ಟು ಸಾಕು ಎಂಬುದಕ್ಕೆ ಅಂಕಿ ನೋಡಬೇಕಿಲ್ಲ, ಕಂಬದ ಆಚೀಚೆ ಆಕಾಶದೆದುರು ಹಾರುತ್ತಿರುವ ಅವ್ವನದೇ ಕೂದಲು ಇದೆ. ಅದರ ಜೊತೆ ಹೊಂದುವವರೆಗೆ ಅಷ್ಟೇ.

ಒಂದು ಕಡೆ ಕೈಕೊಟ್ಟಿತು. ಸಿಮೆಂಟ್ ಕಂಬ ಚೌಕಾಕಾರದ್ದು, ಅದರ ಒಂದು ಮೈ ನೆರಳಿನಲ್ಲಿತ್ತು. ಆ ನೆರಳಿನ ಬೆಲೆ 110. ಲೆವೆಲ್ಸಿನಲ್ಲಿ ಅದು ಬೆಳ್ಳಗಾಗಲಿಲ್ಲ, ಕೂದಲಿನ ಜೊತೆ ಬೂದು ಬಣ್ಣದಲ್ಲೇ ನಿಂತಿತು. ಬಲದ ಗುಂಡಿಯನ್ನು ಇನ್ನೂ ಇಳಿಸಿದರೆ ಎಳೆಗಳೇ ಮಾಯವಾಗುತ್ತಿದ್ದವು. ಹಾಗಾಗಿ ಕಂಬದ ಆ ಬೆರಳಗಲದ ಪಟ್ಟಿಯನ್ನು ಕೈಯಲ್ಲೇ ಮಾಡಬೇಕಾಯಿತು. ಕ್ಲೋನಿನಿಂದ ಕಂಬವನ್ನು ನೆತ್ತಿಯ ಗಟ್ಟಿ ಕೂದಲಿನವರೆಗೆ ಒರೆಸಿ, ಬ್ರಶ್ಶಿನ ಹಾರ್ಡ್‌ನೆಸ್ 60ರಷ್ಟು ಇಟ್ಟುಕೊಂಡೆ. ಪೂರ್ತಿ ಮೆತ್ತಗಿದ್ದರೆ ಅಂಚು ಮಂಜಾಗುತ್ತದೆ, ಪೂರ್ತಿ ಗಟ್ಟಿಯಿದ್ದರೆ ಕತ್ತರಿಯ ಅಂಚಾಗುತ್ತದೆ. ಆಮೇಲೆ ಎರಡು ಪಿಕ್ಸೆಲಿನ ಬ್ರಶ್ಶಿನಿಂದ ನಾಲ್ಕು ಎಳೆ ಬರೆದೆ. ನಾಲ್ಕೇ. ಕೂದಲು ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ, ಕೊನೆಗೆ ತಲೆಯ ಮೇಲೆ ಜಾಲಿ ಮುಳ್ಳು ಬೆಳೆದಂತಾಗುತ್ತದೆ.

ಇಷ್ಟೆಲ್ಲ ಮುಗಿಸಿ ಎದ್ದು ಚಹಾ ಕುಡಿದು ಬಂದು ನೋಡಿದಾಗ ಕಂಡದ್ದು ಇನ್ನೊಂದು. ಅವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಮೊಳಕೈ ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಕಂಬದ ಬುಡ ಹಾಗೇ ಇದೆ! ಮೇಲೆ ಇಲ್ಲದ ಕಂಬ ಕೆಳಗೆ ನಿಂತಿದೆ. ಅಲ್ಲಿ ಹಿಂದೆ ತೊಗರಿ ಗಿಡ, ಆಕಾಶವಲ್ಲ. ಪಕ್ಕದ ಗಿಡವನ್ನೇ ತಂದು ಹಚ್ಚಿದರೆ ಒಂದೇ ಟೊಂಗೆ ಎರಡು ಸಲ ಕಾಣುತ್ತದೆ. ಕ್ಲೋನ್ ಸೋರ್ಸ್ ಪ್ಯಾನೆಲಿನಲ್ಲಿ ಎಡಬಲ ತಿರುಗಿಸುವ ಗುಂಡಿ ಇದೆ, ಅದನ್ನು ಒತ್ತಿ ಬೇರೆ ಬೇರೆ ಎರಡು ಕಡೆಯಿಂದ ತಂದೆ. ಎಲೆಗಳ ಮೇಲಿನ ಬೆಳಕೂ ತಿರುಗಿ ಬೀಳುತ್ತದೆ, ಅಷ್ಟು ಸಣ್ಣ ಸಂದಿಯಲ್ಲಿ ನಡೆಯುತ್ತದೆ.

ಪ್ರಿಂಟಿಗೆ ಹಾಕುವ ಮುನ್ನ ನನ್ನದೊಂದು ಪರೀಕ್ಷೆ ಇದೆ, ಆ ಹೊಗೆಯ ಪ್ರಕರಣದ ನಂತರ ಬಿಟ್ಟಿಲ್ಲ. ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, ಆಕಾಶದ ಬೆಳಕು ಇರುವ ಜಾಗದಲ್ಲಿ ಗೆರೆಯನ್ನು ಗೋಡೆಯಷ್ಟು ಕಡಿದಾಗಿ ಎತ್ತುತ್ತೇನೆ. ಫೋಟೋ ವಿಕಾರವಾಗುತ್ತದೆ, ಆಗಲಿ. ಕಣ್ಣಿಗೆ ಕಾಣದ ಕಲೆ, ಪಟ್ಟೆ, ಒರೆಸಿದ ಗುರುತು ಎಲ್ಲ ಎದ್ದು ಬರುತ್ತವೆ. ಒರೆಸಿದ ಜಾಗ ಉಳಿದ ಆಕಾಶಕ್ಕಿಂತ ನುಣ್ಣಗೆ ಕಂಡರೆ ತುಸು ನಾಯ್ಸ್ ಸೇರಿಸುತ್ತೇನೆ. ಸರಿಯಾದ ಮೇಲೆ ಆ ಲೇಯರನ್ನು ಕಿತ್ತುಹಾಕುತ್ತೇನೆ. ಒಮ್ಮೆ ಕಿತ್ತುಹಾಕುವುದನ್ನು ಮರೆತು ಪ್ರಿಂಟಿಗೆ ಕಳಿಸಿದ್ದೂ ಉಂಟು, ಅದನ್ನು ಬಿಡಿ.

ಈ ಚಾನೆಲ್ ದಾರಿ ಯಾವಾಗಲೂ ನಡೆಯುತ್ತದೆ ಎಂದು ತಿಳಿಯಬೇಡಿ. ಕಂಬ ಕೂದಲಿಗಿಂತ ಬೆಳ್ಳಗಿದ್ದರೆ ಮಾತ್ರ. ತುಕ್ಕು ಹಿಡಿದ ಕಬ್ಬಿಣದ ಕಂಬ, ಬೇವಿನ ಕಪ್ಪು ಕೊಂಬೆ ಇದ್ದರೆ ಎರಡೂ ಒಂದೇ ಕಪ್ಪಾಗಿ ಕೂಡಿಬಿಡುತ್ತವೆ, ಬೇರೆ ಮಾಡಲು ಬರುವುದಿಲ್ಲ. ಆಗ ತಲೆಯ ಇನ್ನೊಂದು ಬದಿಯ ಅಂಚನ್ನೇ ತಿರುಗಿಸಿ ತಂದು ಹಾಕುತ್ತೇನೆ. ಅದು ಆ ಜಾಗದ ಕೂದಲಲ್ಲ, ಆದರೆ ಅವರದೇ ಕೂದಲು. ಬಿಳಿ ಕೂದಲಿನ ಅಜ್ಜ, ಹಿಂದೆ ಬೆಳ್ಳನೆಯ ಸಿಮೆಂಟ್ ಕಂಬ ಇದ್ದರಂತೂ ಕೆಲಸ ಒಪ್ಪಿಕೊಳ್ಳುವ ಮೊದಲೇ ಗಿರಾಕಿಗೆ ಹೇಳಿಬಿಡುತ್ತೇನೆ, ಎಳೆಗಳು ಹೋಗುತ್ತವೆ ಎಂದು.

ಸಭೆಯಲ್ಲಿ ಒಬ್ಬರು ಕೇಳಿದರು, ಪೇಪರಿಗೆ ಕಳಿಸುವ ಫೋಟೋದಲ್ಲೂ ಹೀಗೆ ತೆಗೆಯಬಹುದೇ ಎಂದು. ಇಲ್ಲ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1970ರ ಮೇ 4ರಂದು ಸೈನಿಕರು ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದರು. ಬಿದ್ದ ಹುಡುಗನ ಪಕ್ಕ ಮಂಡಿಯೂರಿ ಕೂಗುತ್ತಿರುವ ಹುಡುಗಿಯ ಫೋಟೋವನ್ನು ಜಾನ್ ಫಿಲೋ ತೆಗೆದರು, ಅದಕ್ಕೆ ಪುಲಿಟ್ಜರ್ ಬಂತು. ಆ ಫೋಟೋದಲ್ಲಿ ಹುಡುಗಿಯ ತಲೆಯ ಮೇಲೆ ಬೇಲಿಯ ಕಂಬವೊಂದು ಎದ್ದಿದೆ, ನಮ್ಮ ಅವ್ವನ ಹಾಗೆಯೇ. ಯಾರೋ ಅದನ್ನು ಒರೆಸಿದ ಪ್ರತಿ ಹುಟ್ಟಿಕೊಂಡು, ಕೈಯಿಂದ ಕೈಗೆ ಹೋಗಿ, 1995ರಲ್ಲಿ ಲೈಫ್ ಪತ್ರಿಕೆಯಲ್ಲೂ ಕಂಬವಿಲ್ಲದೆ ಅಚ್ಚಾಯಿತು. ದೊಡ್ಡ ಗದ್ದಲವೇ ಆಯಿತು. ಒರೆಸಿದವನ ಕೈ ಕೆಲಸ ಚೆನ್ನಾಗಿತ್ತು ಎಂಬುದೇ ಅಲ್ಲಿಯ ತೊಂದರೆ, ಅಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮನೆಯ ಗೋಡೆಗೆ ಹಾಕುವ ಫೋಟೋ ಬೇರೆ, ಸುದ್ದಿಯ ಫೋಟೋ ಬೇರೆ. ಸುದ್ದಿಯದಾದರೆ ಕಂಬ ಇದ್ದಲ್ಲೇ ಇರಬೇಕು.

ಬೀದರಿನಿಂದ ಬಂದಿದ್ದ ಹುಡುಗ ಕೊನೆಗೆ ಕೇಳಿದ. "ಸರ್, ನಮ್ಮಲ್ಲಿ ಗವಾನ್ ಮದರಸಾದ ಮುಂದ ಯಾರನ್ನ ನಿಲ್ಲಿಸಿದ್ರೂ ಮಿನಾರ್ ತಲಿಮ್ಯಾಲೇ ಬರ್ತದ. ಅದನ್ನೂ ತೆಗೀಬೇಕೇನ್ರಿ?" ಎಲ್ಲರೂ ನಕ್ಕರು. 1472ರಲ್ಲಿ ಕಟ್ಟಿದ್ದು, ಈಗ ಉಳಿದಿರುವುದೇ ಒಂದು ಮಿನಾರ್, ಅದನ್ನೂ ನೀನು ತೆಗೆದರೆ ಹೇಗಪ್ಪಾ ಎಂದೆ. ಅವನ ಕಣ್ಣಿಗೆ ಅದು ಅಲ್ಲಿ ಕಾಣುವುದಿಲ್ಲ, ಫೋಟೋದಲ್ಲಿ ಮಾತ್ರ ಕಾಣುತ್ತದೆ. ಎರಡು ಕಣ್ಣಿಂದ ನೋಡಿದಾಗ ಯಾವುದು ಹತ್ತಿರ, ಯಾವುದು ದೂರ ಎಂದು ಬೇರೆಯಾಗಿಯೇ ತಿಳಿಯುತ್ತದೆ. ಕ್ಯಾಮೆರಾ ಒಕ್ಕಣ್ಣಿನದು. ಒತ್ತುವ ಮೊದಲು ಒಂದು ಕಣ್ಣು ಮುಚ್ಚಿ ನೋಡು ಎಂದೆ.

ಕಂಡ ಮೇಲೆ ನೀನು ಅರ್ಧ ಮೀಟರ್ ಪಕ್ಕಕ್ಕೆ ಸರಿ. ನಿಂತವರು ನಿನ್ನಿಂದ 3 ಮೀಟರ್, ಮಿನಾರ್ 30 ಮೀಟರ್ ದೂರ ಇದೆ ಎನ್ನು. ನೀನು ಸರಿದ ಅರ್ಧ ಮೀಟರಿಗೆ ಮಿನಾರ್ ಅವರ ತಲೆಯಿಂದ 45 ಸೆಂಟಿಮೀಟರ್ ಆಚೆ ಹೋದಂತೆ ಕಾಣುತ್ತದೆ, ತಲೆಯ ಎರಡರಷ್ಟು ಅಗಲಕ್ಕಿಂತ ಹೆಚ್ಚು. ಮಿನಾರೇ ದಪ್ಪ ಕಂಡರೆ ಇನ್ನೊಂದು ಹೆಜ್ಜೆ. ಅದೇ ಕಂಬ ಅವರ ಬೆನ್ನ ಹಿಂದೆ ಒಂದೇ ಮೀಟರಿನಲ್ಲಿದ್ದರೆ, ನೀನು ಅರ್ಧ ಮೀಟರ್ ಸರಿದರೂ ಅದು ಹನ್ನೆರಡು ಸೆಂಟಿಮೀಟರಿನಷ್ಟೇ ಸರಿಯುತ್ತದೆ, ಇನ್ನೂ ಕಿವಿಗೆ ಅಂಟಿಕೊಂಡೇ ಇರುತ್ತದೆ. ಆಗ ನೀನು ಸರಿದು ಉಪಯೋಗವಿಲ್ಲ, ಅವರನ್ನೇ ಸರಿಸಬೇಕು.

"ಗ್ರೂಪ್ ಫೋಟೋ ಇದ್ರ?" ಎಂದ. ನಲವತ್ತು ಜನ ನಿಂತಿದ್ದರೆ ಮಿನಾರ್ ಯಾರದ್ದಾದರೂ ತಲೆಯ ಮೇಲೆ ಬಂದೇ ಬರುತ್ತದೆ. ಇಬ್ಬರ ನಡುವಿನ ಸಂದಿಗೆ ತಂದು ನಿಲ್ಲಿಸು, ಅದೂ ಆಗದಿದ್ದರೆ ದುಡ್ಡು ಕೊಡುವವರ ತಲೆ ಒಂದು ಬಿಟ್ಟು ಬೇರೆ ಯಾರದ್ದಾದರೂ ಆಗಲಿ ಎಂದೆ.